ತಾರಸಿಯ ನೀರು ಪೈಪಿಗೆ ಇಳಿಯದೆ ನಿಲ್ಲುವುದೇಕೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಸಮುದಾಯ ಭವನ ಇದೆ ಸಾರ್. ತಾರಸಿ 100 ಅಡಿ ಉದ್ದ, 65 ಅಡಿ ಅಗಲ. ನಡುವಿನಿಂದ ಎರಡೂ ಉದ್ದನೆಯ ಬದಿಗೆ ವಾಟ ಕೊಟ್ಟಿದ್ದಾರೆ. ಪ್ಯಾರಾಪೆಟ್ ಒಳಗೆ ಒಂದಡಿ ಅಗಲ, ನಾಲ್ಕಿಂಚು ಆಳದ ಸಿಮೆಂಟ್ ದೋಣಿ, ನಾಲ್ಕು ಮೂಲೆಗೂ ಒಂದೊಂದು ನಾಲ್ಕಿಂಚಿನ ಪೈಪು, ಪೈಪಿನ ಬಾಯಿಗೆ ಜಾಲರಿ. ಕಳೆದ ಮೇ ತಿಂಗಳ ಮಳೆಗೆ ದೋಣಿ ತುಂಬಿ, ಅಂಚಿನಲ್ಲಿ ಮೂರಿಂಚು ನೀರು ನಿಂತು, ಮೆಟ್ಟಿಲು ಕೋಣೆಯ ಹೊಸ್ತಿಲು ದಾಟಿ ಒಳಗೆ ಬಂತು. ಪೈಪನ್ನೆಲ್ಲ ಆರಿಂಚಿನದು ಮಾಡಿದರೆ ಸಾಕು ಎನ್ನುತ್ತಾರೆ ಕಂಟ್ರಾಕ್ಟರ್. ಮಾಡಿಸಬಹುದೇ?

ಉತ್ತರ: ದುಡ್ಡು ಕೊಡುವ ಮೊದಲು ಕಂಟ್ರಾಕ್ಟರನ್ನು ಒಂದು ಮಾತು ಕೇಳಿ: ಬದಲಾಯಿಸುವುದು ಗೋಡೆಯ ಮೇಲಿನ ಪೈಪನ್ನು ಮಾತ್ರವೋ, ದೋಣಿಯೊಳಗಿನ ಬಾಯನ್ನೂ ಸೇರಿಸಿಯೋ? ಎಷ್ಟೋ ಕಡೆ ಸ್ಲ್ಯಾಬಿನಲ್ಲಿರುವ ನಾಲ್ಕಿಂಚಿನ ತೂತನ್ನು ಹಾಗೇ ಬಿಟ್ಟು, ಕೆಳಗೆ ರೆಡ್ಯೂಸರ್ ಹಾಕಿ ಆರಿಂಚಿನ ಪೈಪು ಇಳಿಸುತ್ತಾರೆ. ನೋಡಲು ದಪ್ಪವಾಗಿ ಕಾಣುತ್ತದೆ, ನೀರು ಮೊದಲಿನಷ್ಟೇ ಇಳಿಯುತ್ತದೆ.

ನಿಮ್ಮ ತಾರಸಿಗೆ ಬೀಳುವ ನೀರೆಷ್ಟು ಎಂಬುದರಿಂದ ಶುರುಮಾಡೋಣ. 6,500 ಚದರಡಿ ಎಂದರೆ ಹೆಚ್ಚುಕಡಿಮೆ 600 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಇಲ್ಲಿ ವರ್ಷದ ಮಳೆಯ ಲೆಕ್ಕ ಬೇಡ, ದಿನದ್ದೂ ಬೇಡ. ಆಷಾಢದಲ್ಲಿ ನಿಮ್ಮ ಕಡೆ ಹಗಲೂ ರಾತ್ರಿ ಹೊಯ್ಯುವ ಜಡಿಮಳೆಯನ್ನು ಸಾಧಾರಣ ಪೈಪೂ ತಡೆದುಕೊಳ್ಳುತ್ತದೆ. ತಾರಸಿ ತುಂಬಿಸುವುದು ಮುಂಗಾರಿಗೆ ಮೊದಲು ಗುಡುಗಿನೊಂದಿಗೆ ಬರುವ ಮಳೆ, ಅದೂ ಅದರ ಅತಿ ಜೋರಿನ ಐದು ನಿಮಿಷ. ಇಂಥ ಕಟ್ಟಡಕ್ಕೆ ನಾನು ಗಂಟೆಗೆ 150 ಮಿ.ಮೀ. ವೇಗದ ಮಳೆಯನ್ನು ಹಿಡಿದು ಲೆಕ್ಕ ಮಾಡಿ, 200ಕ್ಕೆ ಇನ್ನೊಮ್ಮೆ ತಾಳೆ ನೋಡುತ್ತೇನೆ. ಗಂಟೆಗೆ 150 ಎಂದಾಕ್ಷಣ ಗಾಬರಿ ಬೇಡ, ಗಂಟೆಯಿಡೀ ಹಾಗೆ ಸುರಿಯಬೇಕೆಂದಿಲ್ಲ. ಬಾಯಿ, ತಳ ಎರಡೂ ಒಂದೇ ಅಗಲದ ಡಬ್ಬಿಯನ್ನು ಬಯಲಿಗಿಟ್ಟರೆ ಐದು ನಿಮಿಷದಲ್ಲಿ ಅರ್ಧ ಇಂಚು ನೀರು ನಿಲ್ಲುವ ವೇಗ ಅದು. ನಿಮ್ಮ ಮೇ ತಿಂಗಳ ಮಳೆ ಹೆಚ್ಚುಕಡಿಮೆ ಅಂಥದ್ದೇ ಇದ್ದಿರಬೇಕು.

ಆ ವೇಗಕ್ಕೆ ನಿಮ್ಮ ತಾರಸಿಗೆ ಸೆಕೆಂಡಿಗೆ 25 ಲೀಟರ್ ನೀರು ಬೀಳುತ್ತದೆ, ಅಂದರೆ ಸೆಕೆಂಡಿಗೆ ಎರಡು ಕೊಡ. ನಾಲ್ಕು ಪೈಪಿಗೆ ಹಂಚಿದರೆ ಒಂದೊಂದರ ಪಾಲಿಗೆ ಆರೂಕಾಲು ಲೀಟರ್.

ನೆಟ್ಟಗೆ ನಿಂತ ನಾಲ್ಕಿಂಚಿನ ಪೈಪಿಗೆ ಇದು ದೊಡ್ಡ ಹೊರೆಯಲ್ಲ. ಒಳಗೆ ಮೂರನೇ ಒಂದು ಭಾಗ ಮಾತ್ರ ನೀರಿದ್ದು ಉಳಿದದ್ದು ಗಾಳಿಯಾಗಿದ್ದರೂ ಅದು ಸೆಕೆಂಡಿಗೆ 10 ಲೀಟರಿಗಿಂತ ಹೆಚ್ಚು ಇಳಿಸುತ್ತದೆ. ತಡೆ ಇರುವುದು ಬಾಯಿಯಲ್ಲಿ. ದೋಣಿಯಲ್ಲಿ ಮೆಲ್ಲಗೆ ಹರಿದು ಬಂದ ನೀರು ಆ ದುಂಡನೆಯ ಅಂಚನ್ನು ದಾಟಿ ಒಳಗೆ ಬೀಳಬೇಕು, ಅದಕ್ಕೆ ಬಾಯಿಯ ಮೇಲೆ ಒಂದಷ್ಟು ನೀರು ನಿಂತು ಒತ್ತಬೇಕು. ಎಷ್ಟು ನಿಲ್ಲಬೇಕು ಎಂಬುದಕ್ಕೆ ಎರಡು ಸೂತ್ರಗಳಿವೆ:

```
h ≤ D/2 :  Q = D × h^1.5 / 7500
h > D/2 :  Q = D² × h^0.5 / 15000
```

ಇಲ್ಲಿ D ಬಾಯಿಯ ವ್ಯಾಸ, h ಬಾಯಿಯ ಮೇಲೆ ನಿಂತ ನೀರಿನ ಎತ್ತರ, ಎರಡೂ ಮಿಲಿಮೀಟರಿನಲ್ಲಿ. Q ಸೆಕೆಂಡಿಗೆ ಎಷ್ಟು ಲೀಟರ್ ಎಂಬುದು. ಬಾಯಿಗೆ ಜಾಲರಿ ಇದ್ದರೆ ಬಂದ ಉತ್ತರವನ್ನು ಅರ್ಧ ಮಾಡಬೇಕು.

ನಿಮ್ಮ ನಾಲ್ಕಿಂಚಿನ ಬಾಯಿಗೆ ಹಾಕಿ ನೋಡಿ. ಜಾಲರಿ ಇಲ್ಲದಿದ್ದರೆ ಆರೂಕಾಲು ಲೀಟರ್ ಇಳಿಸಲು 88 ಮಿ.ಮೀ. ನೀರು ನಿಲ್ಲಬೇಕು. ದೋಣಿಯ ಆಳವೇ 100. ಜಾಲರಿ ಇದ್ದಾಗ ಅಷ್ಟೇ ನೀರಿಳಿಸಲು 350 ಮಿ.ಮೀ. ಬೇಕು, ಅಂದರೆ ಒಂದಡಿಗೂ ಮೇಲೆ. ದೋಣಿ ತುಂಬಿ ಅದರ ಮೇಲೆ ಮೂರಿಂಚು ನಿಂತಿತ್ತು ಅಂದಿರಲ್ಲ, ಆಗ ಒಂದು ಬಾಯಿಗೆ ಇಳಿಯುತ್ತಿದ್ದುದು ನಾಲ್ಕೂವರೆ ಲೀಟರಿಗಿಂತ ಕಡಿಮೆ. ಮಳೆ ಇನ್ನೂ ಸ್ವಲ್ಪ ಹೊತ್ತು ಬಂದಿದ್ದರೆ ನೀರು ಇನ್ನೂ ಏರುತ್ತಿತ್ತು.

ನಮ್ಮಲ್ಲಿ ಬಳಕೆಯಲ್ಲಿರುವ ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 35 ಕೈಪಿಡಿಯ ಕೋಷ್ಟಕ ಬಹಳ ಜಿಪುಣ ಎಂದು ಎಂಜಿನಿಯರುಗಳು ಗೊಣಗುವುದುಂಟು. ಗಂಟೆಗೆ 150 ಮಿ.ಮೀ. ಮಳೆಗೆ ನಾಲ್ಕಿಂಚಿನ ಒಂದು ಪೈಪಿಗೆ ಅದು ಕೊಡುವುದು 28.5 ಚದರ ಮೀಟರ್ ತಾರಸಿ ಮಾತ್ರ. ಆ ಲೆಕ್ಕದಲ್ಲಿ ನಿಮಗೆ 21 ಪೈಪು ಬೇಕು! ಆದರೆ ಮೇಲಿನ ಸೂತ್ರದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ಬಾಯಿಯ ಮೇಲೆ ಬರೀ 20 ಮಿ.ಮೀ. ನೀರು ನಿಂತಾಗ ಇಳಿಯುವಷ್ಟೇ ನೀರನ್ನು ಅದು ಲೆಕ್ಕಕ್ಕೆ ಹಿಡಿದಂತಾಗುತ್ತದೆ. ದೋಣಿಯಿಲ್ಲದ ಬೋಳು ತಾರಸಿಗೆ ಅದು ಸರಿ. ಬಾಯಿಯ ಮೇಲೆ ಆಳ ಒದಗಿಸಿಕೊಟ್ಟರೆ ಪೈಪು ಕಡಿಮೆ ಸಾಕು.

ಇನ್ನು ದೋಣಿ. ಪೈಪುಗಳನ್ನು ಮೂಲೆಗೆ ತಳ್ಳಿದ್ದು ನೋಟಕ್ಕೆ ಚೆಂದ, ಹರಿವಿಗೆ ಕೆಟ್ಟದ್ದು. ಈಗ 50 ಅಡಿ ದೂರದ ನೀರೆಲ್ಲ ಒಂದೇ ದಿಕ್ಕಿನಿಂದ ಬಂದು ಮೂಲೆಯಲ್ಲಿ ಸೇರುತ್ತಿದೆ. ಅದೇ ಬಾಯಿ 25 ಅಡಿಯ ಹತ್ತಿರ ಇದ್ದಿದ್ದರೆ ಎರಡೂ ಕಡೆಯಿಂದ ಅರ್ಧರ್ಧ ಬರುತ್ತಿತ್ತು, ದೋಣಿಯಲ್ಲಿ ನಿಲ್ಲುವ ಆಳ ಮೂರನೇ ಒಂದು ಭಾಗ ಇಳಿಯುತ್ತಿತ್ತು. ಪೈಪಿನ ಸಂಖ್ಯೆ ಅಷ್ಟೇ, ಜಾಗ ಮಾತ್ರ ಬೇರೆ. ದೋಣಿಗೆ ವಾಟ ಕೊಟ್ಟರೆ ಬೇಗ ಹರಿಯುತ್ತದೆ ನಿಜ, ಆದರೆ ಬಾಯಿ ತಡೆದಾಗ ಹಿಂದಕ್ಕೆ ತುಂಬಿ ಬರುವ ನೀರನ್ನು ಯಾವ ವಾಟವೂ ನಿಲ್ಲಿಸುವುದಿಲ್ಲ.

ಕಂಟ್ರಾಕ್ಟರ್ ಬಾಯನ್ನೂ ಸೇರಿಸಿ ಆರಿಂಚಿಗೆ ಏರಿಸುವುದಾದರೆ? 150ರ ಮಳೆಗೆ ಜಾಲರಿ ಇದ್ದೂ ಬಾಯಿಯ ಮೇಲೆ 73 ಮಿ.ಮೀ. ನೀರು ಸಾಕಾಗುತ್ತದೆ. ದೋಣಿಯ ನಡುಭಾಗದಲ್ಲಿ ಅದು 85ರ ಆಸುಪಾಸು ಬರುತ್ತದೆ. ಹಾಗಾಗಿ ಅವರ ಮಾತು ಪೂರಾ ತಪ್ಪಲ್ಲ, ಕೂದಲೆಳೆಯಲ್ಲಿ ಪಾರು. 200ರ ಮಳೆ ಬಂದರೆ ಉಕ್ಕುತ್ತದೆ, ನಾಲ್ಕು ಹಲಸಿನ ಎಲೆ ಜಾಲರಿಗೆ ಕೂತರೂ ಉಕ್ಕುತ್ತದೆ. ಅದಕ್ಕಾಗಿ ಸ್ಲ್ಯಾಬನ್ನು ನಾಲ್ಕು ಕಡೆ ಒಡೆದು, ವಾಟರ್‌ಪ್ರೂಫಿಂಗ್ ಕತ್ತರಿಸಿ, ಸೋರುವ ಹೊಸ ಜಾಗ ಮಾಡಿಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ.

ನಾನಾಗಿದ್ದರೆ ಸ್ಲ್ಯಾಬ್ ಮುಟ್ಟದೆ ಪ್ಯಾರಾಪೆಟ್ ಗೋಡೆಯಲ್ಲಿ ಕಿಂಡಿ ತೆಗೆಯುತ್ತೇನೆ. ಪ್ರತಿ ಬದಿಗೆ ಮೂರು, ಒಂದು ತುದಿಯಿಂದ ಸುಮಾರು 17, 50, 83 ಅಡಿಗೆ. ಕಿಂಡಿ ಒಂದಡಿ ಅಗಲ, ಆರಿಂಚು ಎತ್ತರ, ಅದರ ತಳ ದೋಣಿಯ ತಳಕ್ಕೆ ಸಮ. ಕಿಂಡಿಯ ಹೊರಗೆ ಗೋಡೆಗೆ ಒಂದು ತೆರೆದ ಪೆಟ್ಟಿಗೆ, ಉದ್ದ, ಅಗಲ, ಆಳ ಎಲ್ಲ ಒಂದೊಂದಡಿ. ಪೆಟ್ಟಿಗೆಯ ತಳದಿಂದ ಪೈಪು ಇಳಿಯುತ್ತದೆ. ಆರು ಕಿಂಡಿಗೆ ಹಂಚಿದಾಗ ಒಂದೊಂದಕ್ಕೆ ನಾಲ್ಕು ಲೀಟರ್ ಚಿಲ್ಲರೆ ಬರುತ್ತದೆ. ಕಿಂಡಿಯಲ್ಲಿ ನಿಲ್ಲುವ ನೀರು ಸುಮಾರು 50 ಮಿ.ಮೀ., 200ರ ಮಳೆಗೂ 60ರ ಹತ್ತಿರ. ಪಕ್ಕದ ನೀರು 17 ಅಡಿಗಿಂತ ದೂರದಿಂದ ಬರುವುದೇ ಇಲ್ಲವಾದ್ದರಿಂದ ದೋಣಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ನಿಮ್ಮ ನಾಲ್ಕಿಂಚಿನ ದೋಣಿಯಲ್ಲಿ ಒಂದೂವರೆ ಇಂಚು ಖಾಲಿ ಉಳಿಯುತ್ತದೆ.

ಪೆಟ್ಟಿಗೆ ತಾರಸಿಗಿಂತ ಕೆಳಗಿರುವುದರಿಂದ ಪೈಪಿನ ಬಾಯಿಯ ಮೇಲೆ ಬೇಕಾದಷ್ಟು ಆಳ ಸಿಗುತ್ತದೆ. ಜಾಲರಿ ಇಲ್ಲದ ನಾಲ್ಕಿಂಚಿನ ಬಾಯಿಯೇ 70 ಮಿ.ಮೀ. ನೀರಿನಲ್ಲಿ 200ರ ಮಳೆಯನ್ನು ಇಳಿಸುತ್ತದೆ. ಪೈಪು ದಪ್ಪ ಮಾಡಲು ಹೊರಟ ನಿಮಗೆ ಹಳೆ ಅಳತೆಯೇ ಸಾಕು ಎಂದಂತಾಯಿತು. ಆದರೂ ಮಲೆನಾಡಿನ ಎಲೆ, ಕಡ್ಡಿ, ಪಾಚಿ ನೋಡಿದವನಾಗಿ ನಾನು ಆರಿಂಚೇ ಹಾಕಿಸುತ್ತೇನೆ. ಹೇಗೂ ಅಟ್ಟಣಿಗೆ ಕಟ್ಟಿ ಕೆಲಸ ಮಾಡುವುದಿದೆ. ಪೆಟ್ಟಿಗೆಯ ಹೊರಗಿನ ಅಂಚು ದೋಣಿಯ ತಳಕ್ಕಿಂತ ಒಂದಿಂಚು ಕೆಳಗೇ ಇರಲಿ. ಪೈಪು ಕಟ್ಟಿದರೆ ನೀರು ಹೊರಗೆ ಚೆಲ್ಲುತ್ತದೆ, ತಾರಸಿಗೆ ವಾಪಸು ಬರುವುದಿಲ್ಲ. ಜಾಲರಿಯನ್ನು ಕಿಂಡಿಗೆ ಅಂಟಿಸದೆ ಬುಟ್ಟಿಯ ಹಾಗೆ ದೋಣಿಯೊಳಕ್ಕೆ ಅರ್ಧ ಅಡಿ ಚಾಚಿ ಇಡಿ, ಮುಂದೆ ಎಲೆ ಕೂತರೂ ಪಕ್ಕದಿಂದ ನೀರು ನುಗ್ಗುತ್ತದೆ. ಮೂಲೆಯ ಹಳೆ ಪೈಪುಗಳು ಹಾಗೇ ಇರಲಿ. ಅವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಪ್ಯಾರಾಪೆಟ್ ಇಟ್ಟಿಗೆ ಅಥವಾ ಬ್ಲಾಕಿನದಾದರೆ ಮೇಸ್ತ್ರಿಯೇ ಕಿಂಡಿ ತೆಗೆಯಬಹುದು. ಕಂಬಿ ಹಾಕಿದ ಕಾಂಕ್ರೀಟ್ ಆಗಿದ್ದರೆ ಎಂಜಿನಿಯರಿಗೆ ತೋರಿಸದೆ ಉಳಿ ಹಚ್ಚಬೇಡಿ.

ಇದರ ಜೊತೆಗೆ ತುರ್ತು ಕಿಂಡಿ ಬೇಕೇ ಬೇಕು. ಪ್ರತಿ ಬದಿಗೆ ಮೂರು, ಒಂದೊಂದಡಿ ಅಗಲ, ತಳ ದೋಣಿಯ ಮೇಲಂಚಿಗೆ ಸಮ, ಹೊರಗೆ ಒಂದಡಿ ಚಾಚಿದ ತೂಬು. ಉಳಿದೆಲ್ಲ ಬಾಯಿ ಕಟ್ಟಿದರೂ ಇವು ಎರಡಿಂಚು ನೀರಿನಲ್ಲಿ ಪೂರ್ತಿ 25 ಲೀಟರನ್ನು ಹೊರಹಾಕುತ್ತವೆ. ಮೆಟ್ಟಿಲು ಕೋಣೆಯ ಹೊಸ್ತಿಲನ್ನು ನಾಲ್ಕಿಂಚಿಗೆ ಏರಿಸಿಬಿಡಿ. ಇದು ಬರೀ ಸೋರಿಕೆಯ ವಿಚಾರ ಅಲ್ಲ: ಒಂದಿಂಚು ನೀರು ಚದರ ಮೀಟರಿಗೆ 25 ಕಿಲೋ ಭಾರ, ಆರಿಂಚಾದರೆ 150 ಕಿಲೋ. ಜನ ಓಡಾಡುವ ಸಮತಟ್ಟು ತಾರಸಿಗೆ ಐಎಸ್ 875 ಎಂಬ ಭಾರತೀಯ ಮಾನಕ ಹಿಡಿಯಲು ಹೇಳುವ ಚರಭಾರವೇ ಅಷ್ಟು.

ನೆಲದ ಮಟ್ಟದಲ್ಲಿ ಪೈಪುಗಳನ್ನು ತೆರೆದ ಚರಂಡಿಗೆ ಬಿಡಿ. ಎರಡು ಮೂರು ಪೈಪು ಸೇರಿಸಿ ನೆಲದೊಳಗಿನ ಒಂದೇ ನಾಲ್ಕಿಂಚಿನ ಪೈಪಿಗೆ ಕೊಟ್ಟರೆ ನೀರು ಮೇಲಕ್ಕೆ ತುಂಬುತ್ತದೆ. ಅಡ್ಡ ಪೈಪೇ ಬೇಕೆಂದರೆ ಒಂದು ಬದಿಯ ಮೂರಕ್ಕೂ ಸೇರಿ ಆರಿಂಚಿನದು, ನೂರಕ್ಕೆ ಒಂದರ ವಾಟದಲ್ಲಿ.

ಕೆಲಸ ಶುರುವಾಗುವ ಮೊದಲು ಒಂದು ಜೋರು ಮಳೆ ಬಂದರೆ ಕೊಡೆ ಹಿಡಿದು ಪೈಪಿನ ಬುಡಕ್ಕೆ ಹೋಗಿ ನೋಡಿ. ತಾರಸಿಯಲ್ಲಿ ನೀರು ನಿಂತಿದ್ದೂ ಕೆಳಗೆ ಪೈಪಿನ ಒಳಗೋಡೆಗೆ ಅಂಟಿಕೊಂಡು ಅರೆಬರೆ ನೀರು ಬರುತ್ತಿದ್ದರೆ ತಡೆ ಮೇಲಿನ ಬಾಯಿಯಲ್ಲೇ. ಕೆಳಗಿನ ಜಾಯಿಂಟುಗಳಿಂದ ನೀರು ಚಿಮ್ಮುತ್ತಿದ್ದರೆ ಬುಡದಲ್ಲಿ ಕಟ್ಟಿಕೊಂಡಿದೆ, ಆಗ ಕಿಂಡಿಗಿಂತ ಮೊದಲು ಆ ಪೈಪನ್ನು ಬಿಚ್ಚಿಸಿ. ಮದುವೆ ಸೀಸನ್ ಮುಗಿದ ಭವನಗಳಲ್ಲಿ ನಾನು ಹಾಗೆ ಬಿಚ್ಚಿಸಿದಾಗಲೆಲ್ಲ ಸಿಕ್ಕಿದ್ದು ಬಾಡಿದ ಹೂವಿನ ಹಾರ ಮತ್ತು ಐಸ್‌ಕ್ರೀಮ್ ಕಪ್ಪು.