ಹಲಾಲ್, ಕೋಷರ್ ಗುರುತಿದ್ದರೆ ಅದು ಶಾಕಾಹಾರವೇ?

ಪ್ರಶ್ನೆ: ದುಬೈನಿಂದ ಅಣ್ಣ ತಂದ ಮಾರ್ಷ್‌ಮೆಲೋ ಮೇಲೆ ಹಲಾಲ್ ಅಂತಿದೆ. ಬಿಸ್ಕತ್ ಪೊಟ್ಟಣದ ಮೇಲೆ ವೃತ್ತದೊಳಗೆ ‘ಯು’, ಪಕ್ಕದಲ್ಲಿ ‘ಡಿ’. ನಮ್ಮದು ಲಿಂಗಾಯತರ ಮನೆ, ಮೊಟ್ಟೆ ಕೂಡ ತಿನ್ನಲ್ಲ. ಇವು ನಡೀತಾವಾ?

ಮಾರ್ಷ್‌ಮೆಲೋ ಬಹುತೇಕ ನಡೆಯಲ್ಲ. ಬಿಸ್ಕತ್ ನಡೆಯಬಹುದು, ಆದರೆ ಇನ್ನೊಂದು ಸಾಲು ಓದಬೇಕು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಕಿರಾಣಿ ಅಂಗಡಿ ಇದೆ, ಹೊರದೇಶದ ಚಾಕಲೇಟು, ಬಿಸ್ಕತ್ತೂ ಇಡುತ್ತೇನೆ. ಅಲ್ಲಾಸಾಬರೂ ಸ್ವಾಮ್ಯಾರೂ ಒಂದೇ ಪೊಟ್ಟಣ ಹಿಡಿದು ಕೇಳೋದು ಬೇರೆ ಬೇರೆ ಪ್ರಶ್ನೆ. ಹಲಾಲ್ ಗುರುತು ಉತ್ತರ ಕೊಡೋದು ಮೊದಲಿನವರಿಗೆ ಮಾತ್ರ: ಹಂದಿ, ಮದ್ಯ ಇಲ್ಲ, ಪ್ರಾಣಿಯ ಅಂಶವಿದ್ದರೆ ಇಸ್ಲಾಮಿನ ವಿಧಿಯಂತೆ ಕೊಯ್ದದ್ದು. ಮಾರ್ಷ್‌ಮೆಲೋ ಜಿಗುಟಾಗಿ ಉಬ್ಬಿರೋದು ಸಾಮಾನ್ಯವಾಗಿ ಜೆಲಾಟಿನ್‌ನಿಂದ. ಅದು ಪ್ರಾಣಿಯ ಚರ್ಮ, ಎಲುಬು ಕುದಿಸಿ ತೆಗೆದದ್ದು. ಹಲಾಲ್ ಪೊಟ್ಟಣದಲ್ಲಿ ‘ಬೀಫ್ ಜೆಲಾಟಿನ್’ ಅಂತ ನೇರವಾಗಿ ಬರೆದಿರೋದೂ ಉಂಟು. ಹಾಗಂತ ಹಲಾಲ್ ಕಂಡ ಕೂಡಲೇ ಮಾಂಸ ಇದೆ ಅಂದುಕೊಳ್ಳಬೇಡಿ. ಬರೀ ಸಕ್ಕರೆ, ಎಣ್ಣೆ, ಹಿಟ್ಟಿನ ಪದಾರ್ಥಕ್ಕೂ ಆ ಗುರುತು ಇರುತ್ತದೆ.

ವೃತ್ತದೊಳಗಿನ ‘ಯು’ ಅಮೆರಿಕದ ಆರ್ಥೊಡಾಕ್ಸ್ ಯೂನಿಯನ್‌ದು, ಅಂದರೆ ಯಹೂದಿಗಳ ಆಹಾರ ನಿಯಮವಾದ ಕೋಷರ್ ಪ್ರಕಾರ ಆಗಿದೆ ಅಂತ. ‘ಡಿ’ ಅಂದರೆ ಹಾಲಿನ ಅಂಶವಿದೆ, ಅಥವಾ ಹಾಲಿನ ಪದಾರ್ಥ ಮಾಡಿದ ಯಂತ್ರದಲ್ಲೇ ಆಗಿದೆ. ಯಹೂದಿಗಳಲ್ಲಿ ಹಾಲು, ಮಾಂಸ ಕೂಡಿಸುವಂತಿಲ್ಲ. ಹಾಗಾಗಿ ಈ ‘ಡಿ’ ನಿಮಗೆ ನಿಜವಾಗಿ ಉಪಯೋಗ. ಎಣ್ಣೆ, ನೀರು ಬೆರೆಯಲಿ ಅಂತ ಬಿಸ್ಕತ್ತಿಗೆ ಹಾಕುವ ಇ471 ಸಸ್ಯದ ಎಣ್ಣೆಯದೂ ಆಗಬಹುದು, ಪ್ರಾಣಿ ಕೊಬ್ಬಿನದೂ ಆಗಬಹುದು. ‘ಡಿ’ ಇದ್ದಲ್ಲಿ ದನದ ಕೊಬ್ಬು ಬರುವಂತಿಲ್ಲ, ಹಂದಿಯದಂತೂ ಕೋಷರ್‌ನಲ್ಲೇ ಇಲ್ಲ. ಬರೀ ಹಲಾಲ್ ಇದ್ದರೆ ಈ ಭರವಸೆ ಸಿಗಲ್ಲ.

ಆದರೆ ಮೊಟ್ಟೆ ಕೋಷರ್‌ನಲ್ಲಿ ಮಾಂಸವಲ್ಲ, ‘ಡಿ’ ಜೊತೆ ಆರಾಮಾಗಿ ಬರುತ್ತದೆ. ಕೋಷರ್ ಜೆಲಾಟಿನ್ ಕೂಡ, ಮೀನಿನದಿರಲಿ, ವಿಧಿಯಂತೆ ಕೊಯ್ದ ದನದ್ದಿರಲಿ, ಮಾಂಸದ ಲೆಕ್ಕಕ್ಕೆ ಸೇರಲ್ಲ. ಹಿಂದೆ ಅಲರ್ಜಿಯ ಸಾಲಿನಲ್ಲಿ ‘ಎಗ್’ ಇದೆಯಾ ನೋಡಿ. ಜೆಲಾಟಿನ್‌ಗೆ ಆ ಸಾಲು ಸಾಲದು, ಪದಾರ್ಥಗಳ ಪಟ್ಟಿಯನ್ನೇ ಓದಬೇಕು. ಕೋಷರ್ ಅಂತ ಸೂಚಿಸಲು ಹಾಕುವ, ವೃತ್ತವಿಲ್ಲದ ಒಂಟಿ ‘ಕೆ’ ಕಂಡರೆ ಹೆಚ್ಚು ನಂಬಬೇಡಿ, ಅಕ್ಷರ ಯಾರ ಸ್ವತ್ತೂ ಅಲ್ಲ. ಪ್ರಮಾಣೀಕರಿಸಿದವರ ಹೆಸರಿಲ್ಲದ ಹಲಾಲ್ ಮುದ್ರೆಯೂ ಹಾಗೇ.

ಅಂಗಡಿಯಲ್ಲಿ ಕೊಂಡರೆ ಇಷ್ಟೆಲ್ಲ ಓದುವ ಕೆಲಸವಿಲ್ಲ. ಆಮದುದಾರರು ಹಚ್ಚುವ ಚೀಟಿಯಲ್ಲಿ ಅವರ ವಿಳಾಸ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯ ಜೊತೆ ಚೌಕದೊಳಗೆ ಹಸಿರು ಚುಕ್ಕಿ ಅಥವಾ ಕಂದು ತ್ರಿಕೋನ ಇರಲೇಬೇಕು. ಹಾಲಿದ್ದರೂ ಹಸಿರೇ, ಮೊಟ್ಟೆ, ಜೆಲಾಟಿನ್ ಇದ್ದರೆ ಕಂದು. ಅಣ್ಣ ಚೀಲದಲ್ಲಿ ತಂದದ್ದಕ್ಕೆ ಆ ಚೀಟಿ ಇರಲ್ಲ, ಅದಕ್ಕೇ ಈ ಪಜೀತಿ. ಮಾರ್ಷ್‌ಮೆಲೋ ಪಟ್ಟಿಯಲ್ಲಿ ಜೆಲಾಟಿನ್ ಬದಲು ಅಗರ್ ಅಥವಾ ಕ್ಯಾರಗೀನನ್ ಇದ್ದರೆ ಇನ್ನೊಮ್ಮೆ ಬರೆಯಿರಿ, ಅವು ಕಡಲ ಪಾಚಿಯವು.