ಸ್ಲೈಡಿನಲ್ಲಿ ಒಂದೇ ನಂಬರ್ ಇರಲಿ, ಅದು ತೂಕದ ಮನೆಯಿಂದ ಬರಲಿ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಸಣ್ಣ ಸಾಫ್ಟ್‌ವೇರ್ ಕಂಪನಿ. ಮಂಡ್ಯದ ಕಡೆ ಒಂದು ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿಗಳ ಟೋಕನ್ ವ್ಯವಸ್ಥೆ ಮಾಡಿಕೊಟ್ಟೆವು. ಬೇರೆ ಕಾರ್ಖಾನೆಯವರಿಗೆ ತೋರಿಸಲು ಒಂದು ಕೇಸ್ ಸ್ಟಡಿ ಸ್ಲೈಡ್ ಬೇಕು. ಸವಾಲು, ವಿಧಾನ, ಫಲಿತಾಂಶ ಅಂತ ಮೂರು ಕಾಲಂ ಹಾಕಿ, ಫಲಿತಾಂಶದಲ್ಲಿ ಆರು ನಂಬರ್ ಕೊಟ್ಟಿದ್ದೀನಿ. ತುಂಬಾ ತುಂಬಿಕೊಂಡಂತೆ ಕಾಣ್ತಿದೆ. ಯಾವ ಟೆಂಪ್ಲೇಟ್ ತಗೊಂಡರೆ ಒಳ್ಳೇದು?

ಉತ್ತರ: ನಾನೂ ಇಂಥವೇ ಸ್ಲೈಡುಗಳನ್ನು ಮಾಡುವವನು, ಆದ್ದರಿಂದ ನೇರವಾಗಿ ಹೇಳ್ತೀನಿ. ಟೆಂಪ್ಲೇಟ್ ಹುಡುಕಬೇಡಿ. ಆರರಲ್ಲಿ ಐದು ನಂಬರ್ ಅಳಿಸಿ, ಉಳಿದ ಒಂದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಸ್ಲೈಡನ್ನು ಎಡದಿಂದ ಬಲಕ್ಕೆ ಓದುತ್ತಾರೆ ಸರಿ, ಆದರೆ ಬರೆಯುವಾಗ ಬಲದಿಂದಲೇ ಶುರು ಮಾಡಬೇಕು. ಫಲಿತಾಂಶದ ನಂಬರ್ ಯಾವ ಅಳತೆಯಲ್ಲಿದೆಯೋ ಸವಾಲನ್ನೂ ಅದೇ ಅಳತೆಯಲ್ಲಿ ಹೇಳಬೇಕು. "ರೈತರಿಗೆ ತೊಂದರೆ, ಯಾರ್ಡಿನಲ್ಲಿ ಗೊಂದಲ" ಅಂತ ಸವಾಲು ಬರೆದು, ಫಲಿತಾಂಶದಲ್ಲಿ "12,000 ಎಸ್‌ಎಂಎಸ್ ಕಳಿಸಿದೆವು" ಅಂದರೆ ಎರಡಕ್ಕೂ ಸಂಬಂಧವೇ ಇರುವುದಿಲ್ಲ. ಎಸ್‌ಎಂಎಸ್ ಕಳಿಸಿದ್ದು ನಿಮ್ಮ ಕೆಲಸ, ಕಾರ್ಖಾನೆಗೆ ಅದರಿಂದ ಆದ ಲಾಭವಲ್ಲ.

ನಿಮ್ಮ ವಿಷಯದಲ್ಲಿ ಆ ಒಂದು ನಂಬರ್ ಗಂಟೆಯ ಲೆಕ್ಕದ್ದು. ಕಡಿದ ಕಬ್ಬು ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಒಳಗಿನ ಸಕ್ಕರೆ ಒಡೆದು ಇಳುವರಿಯೂ ಇಳಿಯುತ್ತದೆ. ತೂಕ ಹೋದರೆ ನಷ್ಟ ರೈತನಿಗೆ, ಇಳುವರಿ ಹೋದರೆ ಕಾರ್ಖಾನೆಗೆ. ಸ್ಲೈಡ್ ನೋಡುವ ಕೇನ್ ಮ್ಯಾನೇಜರ್‌ಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಗಾಡಿ ಎಷ್ಟು ಗಂಟೆ ಕಾಯಿತು" ಅಂದರೆ ಸಾಕು.

ಇಂಥ ಸ್ಲೈಡು ಬಿದ್ದುಹೋಗುವುದು ಎಲ್ಲಿ ಅಂದರೆ, ಮೊದಲಿನ ಗಂಟೆಯನ್ನು ಒಂದು ಕಡೆಯಿಂದಲೂ ಆಮೇಲಿನ ಗಂಟೆಯನ್ನು ಇನ್ನೊಂದು ಕಡೆಯಿಂದಲೂ ಎತ್ತಿಕೊಂಡಾಗ. ಟೋಕನ್ ಬರುವ ಮುಂಚೆ ಗೇಟಿನ ರಿಜಿಸ್ಟರಿನಲ್ಲಿ ವಾಚ್‌ಮನ್ ಕೈಯಲ್ಲಿ ಬರೆದ ಸಮಯ ಇರುತ್ತದೆ. ಗಾಡಿ ಗೇಟಿನ ಒಳಗೆ ಬಂದಾಗ ಬರೆದದ್ದು ಅದು, ರಸ್ತೆ ಬದಿಯ ಸಾಲಿನಲ್ಲಿ ನಿಂತ ಹೊತ್ತು ಅದರಲ್ಲಿ ಬರುವುದಿಲ್ಲ. ಟೋಕನ್ ಬಂದ ಮೇಲೆ ನಿಮ್ಮ ಸಿಸ್ಟಮ್ ನಿಮಿಷದ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಎರಡನ್ನೂ ಪಕ್ಕಪಕ್ಕ ಇಡಬೇಕಾದರೆ ಎರಡು ಕಾಲಕ್ಕೂ ಒಂದೇ ಆರಂಭ, ಒಂದೇ ಕೊನೆ ಇರಬೇಕು: ಗೇಟ್ ಪ್ರವೇಶದಿಂದ ವೇಬ್ರಿಡ್ಜಿನ ಮೊದಲ ತೂಕದವರೆಗೆ. ತೂಕದ ಸಮಯ ಚೀಟಿಯಲ್ಲಿ ಮುದ್ರಣವಾಗಿರುತ್ತದೆ, ಅದರ ಬಗ್ಗೆ ತಕರಾರು ಬರುವುದಿಲ್ಲ.

ಇನ್ನೊಂದು ಮಾತು. ಟೋಕನ್ ಕೊಟ್ಟರೆ ಯಾರ್ಡಿನ ಸಾಲು ಕರಗಿ, ಅದೇ ಕಬ್ಬು ಕಡಿದು ಗದ್ದೆಯಲ್ಲೇ ಕಾಯುತ್ತಾ ಬಿದ್ದಿರಬಹುದು. ಕಟಾವಿನ ಹೊತ್ತು ನಿಮ್ಮ ಹತ್ತಿರ ದಾಖಲಾಗಿಲ್ಲದಿದ್ದರೆ "ಕಬ್ಬು ಕಾಯುವ ಸಮಯ" ಅಂತ ಬರೆಯಬೇಡಿ, "ಯಾರ್ಡಿನಲ್ಲಿ ಗಾಡಿ ಕಾಯುವ ಸಮಯ" ಅಂತಲೇ ಬರೆಯಿರಿ. ಫೀಲ್ಡ್‌ಮನ್ ಕೆಲಸ ಮಾಡಿ ಬಂದ ಒಬ್ಬರು ಸಭೆಯಲ್ಲಿದ್ದರೂ ಮೊದಲ ಪ್ರಶ್ನೆ ಇದೇ.

ಲೆಕ್ಕಕ್ಕೆ ಬರೋಣ. ಹೀಗೆ ಬಂತು ಅಂತ ಇಟ್ಟುಕೊಳ್ಳಿ: ಮೊದಲು ಐದು ಗಾಡಿ ಕಾದದ್ದು 6, 8, 11, 13, 52 ಗಂಟೆ. ಸರಾಸರಿ 18. ಟೋಕನ್ ಬಂದ ಮೇಲೆ 4, 5, 5, 6, 10. ಸರಾಸರಿ 6. "18ರಿಂದ 6ಕ್ಕೆ ಇಳಿಸಿದೆವು" ಅಂತ ಹಾಕೋಣ ಅನಿಸುತ್ತದೆ, ಹಾಕಬೇಡಿ. ಆ 52 ಗಂಟೆ ಮಿಲ್ ಕೆಟ್ಟು ನಿಂತ ದಿನದ್ದು. ಅದನ್ನು ಸರಿ ಮಾಡಿದ್ದು ಫಿಟ್ಟರುಗಳು, ನೀವಲ್ಲ. ಗಾಡಿಗಳನ್ನು ಕಡಿಮೆ ಕಾದದ್ದರಿಂದ ಹೆಚ್ಚು ಕಾದದ್ದರವರೆಗೆ ಸಾಲಾಗಿ ನಿಲ್ಲಿಸಿ ನಟ್ಟನಡುವಿನ ಗಾಡಿಯ ಸಮಯ ತೆಗೆದುಕೊಳ್ಳಿ, ಅದೇ ಮಧ್ಯಾಂಕ. ಇಲ್ಲಿ 11ರಿಂದ 5. ನಂಬರ್ ಚಿಕ್ಕದಾಯಿತು, ಆದರೆ ಯಾರೂ ಅಲ್ಲಾಡಿಸಲಾರರು.

ಎಕ್ಸೆಲ್‌ನಲ್ಲಿ ಟೋಕನ್‌ಗೆ ಮುಂಚಿನದಕ್ಕೂ ಆಮೇಲಿನದಕ್ಕೂ ಬೇರೆ ಬೇರೆ ಶೀಟ್ ಮಾಡಿ, A ಕಾಲಂನಲ್ಲಿ ಗೇಟ್ ಸಮಯ, Bಯಲ್ಲಿ ತೂಕದ ಸಮಯ ಇಡಿ. ಮೊದಲ ಸಾಲನ್ನು C2ರಲ್ಲಿ ಹಾಕಿ ಕೊನೆಯ ಗಾಡಿಯವರೆಗೆ ಮಾತ್ರ ಕೆಳಕ್ಕೆ ಎಳೆಯಿರಿ, ಎರಡನೆಯದನ್ನು C ಕಾಲಂನ ಹೊರಗಿನ ಖಾಲಿ ಸೆಲ್ಲಿನಲ್ಲಿ ಹಾಕಿ, ಎರಡರ ಫಾರ್ಮ್ಯಾಟನ್ನೂ Number ಮಾಡಿ. ಗಾಡಿಗಳು ಹೆಚ್ಚಿದ್ದರೆ C400ರ ಬದಲು ಕೊನೆಯ ಸಾಲಿನ ಸಂಖ್ಯೆ ಹಾಕಿ.

```
=(B2-A2)*24
=MEDIAN(C2:C400)
```

ಎರಡು ಕಾಲಂನಲ್ಲೂ ಸಮಯದ ಜೊತೆ ತಾರೀಖು ಇರಲೇಬೇಕು. ರಾತ್ರಿ 10ಕ್ಕೆ ಬಂದು ಬೆಳಗಿನ ಜಾವ 4ಕ್ಕೆ ತೂಕವಾದ ಗಾಡಿ, ತಾರೀಖಿಲ್ಲದಿದ್ದರೆ ಮೈನಸ್ 18 ಗಂಟೆ ಅಂತ ಬರುತ್ತದೆ. ಆ ಮೈನಸ್‌ಗಳು ಮಧ್ಯಾಂಕವನ್ನು ಸದ್ದಿಲ್ಲದೆ ಕೆಳಗೆ ಎಳೆದುಬಿಡುತ್ತವೆ. C ಕಾಲಂನ ಅತಿ ಚಿಕ್ಕ ಬೆಲೆ ಸೊನ್ನೆಗಿಂತ ಕೆಳಗಿದೆಯೇ ಅಂತ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಹೋಲಿಸುವ ದಿನಗಳನ್ನೂ ಆರಿಸಬೇಕು. ಹಂಗಾಮಿನ ಮೊದಲ ವಾರವನ್ನು ನಡುಹಂಗಾಮಿನ ಪಕ್ಕ ಇಟ್ಟರೆ ಟೋಕನ್ ಇಲ್ಲದಿದ್ದರೂ ವ್ಯತ್ಯಾಸ ಕಾಣುತ್ತದೆ. 2023ರಂಥ ಬರದ ವರ್ಷದಲ್ಲಿ ಕೆಆರ್‌ಎಸ್ ನೀರು ಸಾಲದೆ ಕಬ್ಬೇ ಕಡಿಮೆಯಾದರೆ ಗಾಡಿಗಳ ಸಾಲು ತಾನಾಗಿಯೇ ಚಿಕ್ಕದಾಗುತ್ತದೆ, ಆ ಪುಣ್ಯ ನಿಮ್ಮ ಸಾಫ್ಟ್‌ವೇರಿಗೆ ಸೇರುವುದಿಲ್ಲ. ಹಾಗಾಗಿ ದಿನಕ್ಕೆ ಬಂದ ಗಾಡಿಗಳ ಸಂಖ್ಯೆ ಹೆಚ್ಚೂಕಡಿಮೆ ಒಂದೇ ಇರುವ ದಿನಗಳನ್ನು ಎರಡು ಹಂಗಾಮಿನಿಂದಲೂ ತೆಗೆದು ಹೋಲಿಸಿ. ಅದೇ ಹಂಗಾಮಿನಲ್ಲಿ ಕಾರ್ಖಾನೆಯವರು ಇನ್ನೊಂದು ವೇಬ್ರಿಡ್ಜ್ ಹಾಕಿಸಿದ್ದರೆ ಅದನ್ನು ವಿಧಾನದ ಕಾಲಂನಲ್ಲೇ ಬರೆಯಿರಿ. ಮುಚ್ಚಿಟ್ಟರೆ ಅವರವರು ಫೋನ್ ಮಾಡಿಕೊಂಡು ತಿಳಿದುಕೊಳ್ಳುತ್ತಾರೆ.

ಇಷ್ಟಾದ ಮೇಲೆ ಸ್ಲೈಡ್ ಅರ್ಧ ಗಂಟೆಯ ಕೆಲಸ. ತಲೆಬರಹಕ್ಕೆ "ಕೇಸ್ ಸ್ಟಡಿ" ಅಂತ ಹಾಕದೆ ಪೂರ್ತಿ ವಾಕ್ಯ ಹಾಕಿ: "ಯಾರ್ಡಿನಲ್ಲಿ ಕಬ್ಬಿನ ಗಾಡಿ ಕಾಯುವುದು 11 ಗಂಟೆಯಿಂದ 5 ಗಂಟೆಗೆ ಇಳಿಯಿತು." ಸವಾಲಿನ ಕಾಲಂನಲ್ಲಿ ಎರಡೇ ವಾಕ್ಯ: ಗಾಡಿ 11 ಗಂಟೆ ಕಾಯುತ್ತಿತ್ತು, ಕಟಾವಿನ ಆದೇಶ ಕೊಡುವವರಿಗೆ ಯಾರ್ಡಿನಲ್ಲಿ ಎಷ್ಟು ಗಾಡಿ ಇವೆ ಅಂತ ಗೊತ್ತಿರಲಿಲ್ಲ. ಎರಡನೆಯದು ಕಾರಣ, ಅದಿಲ್ಲದೆ ವಿಧಾನಕ್ಕೆ ಅರ್ಥ ಬರುವುದಿಲ್ಲ.

ವಿಧಾನದಲ್ಲಿ ಮೂರು ಸಾಲು. ಪ್ರತಿ ಸಾಲಿಗೂ "ಇದರಿಂದ ಗಂಟೆ ಇಳಿದದ್ದು ಹೇಗೆ?" ಅಂತ ಕೇಳಿಕೊಳ್ಳಿ. ಮಿಲ್ ಅರೆಯುವಷ್ಟೇ ಕಬ್ಬಿಗೆ ಆ ದಿನದ ಕಟಾವಿನ ಆದೇಶ ಕೊಟ್ಟೆವು, ಉತ್ತರ ಇದೆ. ಹಿಂದಿನ ಸಂಜೆಯೇ ರೈತನ ಫೋನಿಗೆ ಬರುವ ಹೊತ್ತು ತಿಳಿಸಿದೆವು, ಇದೆ. ಎತ್ತಿನ ಗಾಡಿಗೂ ಟ್ರಾಕ್ಟರಿಗೂ ಬೇರೆ ಸಾಲು ಮಾಡಿದೆವು, ಇದೆ. ಕ್ಲೌಡ್, ಡ್ಯಾಶ್‌ಬೋರ್ಡ್, ಮೊಬೈಲ್ ಆ್ಯಪ್ ಅಂತ ಪಟ್ಟಿ ಹಾಕಿದ್ದರೆ ಉತ್ತರ ಇಲ್ಲ, ತೆಗೆಯಿರಿ.

ಪವರ್‌ಪಾಯಿಂಟ್‌ನ ಅಗಲದ ಸ್ಲೈಡ್ 13.33 ಇಂಚು. ಬದಿಗೆ ಅರ್ಧರ್ಧ ಇಂಚು ಬಿಟ್ಟು ಸವಾಲಿಗೆ 3.4, ವಿಧಾನಕ್ಕೆ 3.8, ಫಲಿತಾಂಶಕ್ಕೆ 4.5 ಇಂಚು ಕೊಡಿ, ನಡುವೆ 0.3 ಬಿಡಿ. ಮೂರೂ ಸಮ ಇರಬೇಕೆಂಬ ಹಟ ಬೇಡ. ನಂಬರ್ 66 ಪಾಯಿಂಟ್, ಉಳಿದ ಬರಹ 18. "11 → 5 ಗಂಟೆ" ಅಂತ ಎರಡೂ ಕಾಣಲಿ, ಬರೀ "ಶೇ. 55 ಇಳಿಕೆ" ಅಂದರೆ ಎಷ್ಟರಿಂದ ಎಷ್ಟಕ್ಕೆ ಅಂತ ಗೊತ್ತಾಗದು. ಕನ್ನಡ ಬರಹಕ್ಕೆ ಸಾಲಿನ ಅಂತರ 1.2 ಇಡಿ, ಇಲ್ಲವಾದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ನಂಬರಿನ ಕೆಳಗೆ 12 ಪಾಯಿಂಟ್‌ನಲ್ಲಿ ಒಂದು ಸಾಲು: ಗೇಟ್ ಪ್ರವೇಶದಿಂದ ಮೊದಲ ತೂಕದವರೆಗೆ, ಮಧ್ಯಾಂಕ, ಎಷ್ಟು ಗಾಡಿ, ಯಾವ ಹಂಗಾಮು, ಆಧಾರ ತೂಕದ ಚೀಟಿ. ಅಳಿಸಿದ ಐದು ನಂಬರುಗಳನ್ನು ಕೊನೆಯ ಸ್ಲೈಡಿನ ಆಚೆ ಇಟ್ಟಿರಿ, ಕೇಳಿದರೆ ತೋರಿಸಿ.

ಕಾರ್ಖಾನೆಯ ಹೆಸರು ಹಾಕಲು ಲಿಖಿತ ಒಪ್ಪಿಗೆ ತಗೊಳ್ಳಿ. ಕೊಡದಿದ್ದರೆ "ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ" ಅಂತಲೂ ಬರೆಯಬೇಡಿ. ಜಿಲ್ಲೆಯಲ್ಲಿ ಇರುವುದೇ ಬೆರಳೆಣಿಕೆಯಷ್ಟು, ಯಾವುದು ಅಂತ ಕ್ಷಣದಲ್ಲಿ ಹಿಡಿಯುತ್ತಾರೆ. "ದಕ್ಷಿಣ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆ" ಅಂತ ಹಾಕಿ.