ಅಪ್ಪ-ಅಮ್ಮನಿಗೆ ಉಡುಗೊರೆ: ವಾರಂಟಿ ಯಾವತ್ತಿನಿಂದ ಶುರು?

ಪ್ರಶ್ನೆ: ಅಮ್ಮಂದಿರ ದಿನದ ಆಫರ್‌ನಲ್ಲಿ ಎರಡು ವಸ್ತು ತೆಗೆದುಕೊಂಡರೆ ಜಾಸ್ತಿ ರಿಯಾಯಿತಿ ಇದೆ. ಅಮ್ಮನಿಗೆ ಬಿಪಿ ಮೆಷಿನ್, ಅಪ್ಪಂದಿರ ದಿನಕ್ಕೆ ಅಂತ ಚಾರ್ಜ್ ಮಾಡುವ ರೇಡಿಯೋ ನೋಡಿದ್ದೇನೆ. ಎರಡಕ್ಕೂ ‘2 ವರ್ಷ ವಾರಂಟಿ’ ಅಂತ ಬರೆದಿದೆ. ಈಗಲೇ ಎರಡನ್ನೂ ಕೊಳ್ಳಬಹುದಾ?

ಉತ್ತರ: ಕೊಳ್ಳಿ. ಆದರೆ ರೇಡಿಯೋ ಡಬ್ಬವನ್ನು ಜೂನ್‌ವರೆಗೆ ಸುಮ್ನೆ ಬೀರುವಿನಲ್ಲಿ ಇಡಬೇಡಿ. ವಾರಂಟಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಬಿಲ್ಲಿನ ತಾರೀಖಿನಿಂದ, ಉಡುಗೊರೆ ಬಿಚ್ಚಿದ ದಿನದಿಂದಲ್ಲ. ಅಮ್ಮಂದಿರ ದಿನಕ್ಕೂ ಅಪ್ಪಂದಿರ ದಿನಕ್ಕೂ ನಡುವೆ 5-6 ವಾರ ಇರುತ್ತದೆ. ಅಂಗಡಿಯವರು ವಸ್ತು ಬದಲಿಸಿ ಕೊಡಲು 10 ದಿನ ಕೊಟ್ಟಿದ್ದಾರೆ ಅಂದುಕೊಳ್ಳಿ. ಅಪ್ಪ ಡಬ್ಬ ಬಿಚ್ಚುವ ಹೊತ್ತಿಗೆ ಆ ಗಡುವು ಯಾವತ್ತೋ ಮುಗಿದಿರುತ್ತದೆ. ಆಮೇಲೆ ದೋಷ ಕಂಡರೆ ಹೊಸದು ಸಿಗುವುದು ಕಷ್ಟ, ರಿಪೇರಿಗೆ ಸರ್ವಿಸ್ ಸೆಂಟರ್‌ಗೆ ಓಡಾಡಬೇಕು. ಹಾಗಾಗಿ ತಂದ ದಿನವೇ ಬಿಚ್ಚಿ. ಒಂದು ಸಲ ಪೂರ್ತಿ ಚಾರ್ಜ್ ಮಾಡಿ, ಒಂದು ಸಂಜೆ ಹಾಡಲು ಬಿಡಿ. ಆಮೇಲೆ ಸುತ್ತಿಡಿ.

ಆ ‘2 ವರ್ಷ’ ಎಂಬುದನ್ನೂ ಬಿಡಿಸಿ ಕೇಳಿ. ಎಷ್ಟೋ ಸಲ ಅದು 1 ವರ್ಷ ನೇರ ವಾರಂಟಿ, ಇನ್ನೊಂದು ವರ್ಷ ಕಂಪನಿಯಲ್ಲಿ ನೋಂದಣಿ ಮಾಡಿಸಿದರೆ ಮಾತ್ರ. ನೋಂದಣಿಗೆ ಗಡುವೂ ಇರಬಹುದು, ಉಡುಗೊರೆ ಕೊಡುವವರೆಗೆ ಕಾದರೆ ಅದೂ ತಪ್ಪಿಹೋಗುತ್ತದೆ. ಬ್ಯಾಟರಿ, ಅಡಾಪ್ಟರ್, ಬಿಪಿ ಮೆಷಿನ್‌ನ ತೋಳುಪಟ್ಟಿಗೆ ಬೇರೆ, ಕಡಿಮೆ ಅವಧಿ ಇರುವುದುಂಟು. ವಾರಂಟಿ ಕಾರ್ಡಿನಲ್ಲಿ ಆ ಸಾಲು ಹುಡುಕಿ ಓದಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಮೇಲಿನ ನಂಬರಿನ ಜೊತೆ ತಾಳೆ ನೋಡಿ.

ಬಿಪಿ ಮೆಷಿನ್ ವಿಷಯದಲ್ಲಿ ನನಗೆ ವಾರಂಟಿಗಿಂತ ತೋಳುಪಟ್ಟಿಯದೇ ಚಿಂತೆ. ಭುಜ ಮತ್ತು ಮೊಣಕೈ ನಡುವೆ, ಸರಿಯಾಗಿ ಮಧ್ಯದಲ್ಲಿ, ಅಮ್ಮನ ತೋಳಿನ ಸುತ್ತಳತೆಯನ್ನು ಟೇಪಿನಿಂದ ಅಳೆಯಿರಿ. 34 ಸೆಂ.ಮೀ. ಬಂತು ಅನ್ನಿ. ಡಬ್ಬದ ಮೇಲೆ 22-32 ಸೆಂ.ಮೀ. ಅಂತಿದ್ದರೆ ಆ ಪಟ್ಟಿ ಅವರಿಗೆ ಆಗುವುದಿಲ್ಲ. ಬಿಗಿಯಾದ ಪಟ್ಟಿ ಬಿಪಿಯನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಅಮ್ಮ ಸುಮ್ಮಸುಮ್ಮನೆ ಗಾಬರಿಯಾಗುತ್ತಾರೆ. 22-42 ಸೆಂ.ಮೀ. ಪಟ್ಟಿ ಇರುವುದನ್ನು ಕೇಳಿ. ಅಳತೆ ತಪ್ಪಿ ತಂದರೆ ಅದು ಮೆಷಿನ್‌ನ ದೋಷವಲ್ಲ ಅಲ್ವಾ, ವಾರಂಟಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮೂಲ ಬಿಲ್ಲನ್ನು ಡಬ್ಬದೊಳಗೆ ಹಾಕಿಬಿಡಬೇಡಿ. ನಿಮ್ಮ ಹತ್ತಿರವೇ ಇಟ್ಟುಕೊಂಡು ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ, ರಿಪೇರಿಗೆ ಓಡಾಡುವವರು ನೀವೇ ತಾನೇ.